ಕಿರುಹೊತ್ತಿಗೆಯ ಹಾಳೆ ಹೊಳೆಯಬೇಕೇ? ಗಡಿಭಾಗದ ಕನ್ನಡ ಮುದ್ರಣದಲ್ಲಿ ಕಾಗದದ ತೂಕ ಮತ್ತು ಮೈ

(ಅವತ್ತು ಆನ್‌ಲೈನಿನಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಕೊಟ್ಟಿದ್ದೇನೆ. ಮಾತಿನ ಧಾಟಿ ಅಲ್ಲಲ್ಲಿ ಹಾಗೇ ಉಳಿದಿದೆ.)

ನನ್ನ ವಿಷಯ ಹುಟ್ಟಿದ್ದು ಗ್ರಂಥಾಲಯದಲ್ಲಿ ಅಲ್ಲ, ಒಂದು ಕಬ್ಬಿಣದ ಟ್ರಂಕಿನಲ್ಲಿ. ಇಚಲಕರಂಜಿಯಲ್ಲಿ ನಮ್ಮ ಅತ್ತೆಯ ಮನೆ ಇದೆ. 2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿ ಬಂದಾಗ ಕೆಳಗಿನ ಕೋಣೆಗೆ ನೀರು ಹೊಕ್ಕಿತು. ಟ್ರಂಕಿನೊಳಗೆ ಎರಡು ಕನ್ನಡ ಪುಸ್ತಕಗಳಿದ್ದವು. ಒಂದು ಹಳೆಯ ಭಜನಾ ಪದಗಳ ಹೊತ್ತಿಗೆ. ಮಾಸಲು ಕಾಗದ, ಮೊಳೆ ಅಕ್ಷರದ ಮುದ್ರಣ, ರಟ್ಟಿಲ್ಲ. ಇನ್ನೊಂದು ಊರ ಕಡೆಯ ಒಂದು ಕನ್ನಡ ಶಾಲೆಯ ಸ್ಮರಣ ಸಂಚಿಕೆ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಪಳಪಳ ಹೊಳೆಯುವ ಆರ್ಟ್ ಪೇಪರು. ನೀರು ಇಳಿದ ಮೇಲೆ ಎರಡನ್ನೂ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟರು. ಭಜನಾ ಪುಸ್ತಕ ಉಬ್ಬಿತು, ಸೊಟ್ಟಗಾಯಿತು, ಕೆಸರಿನ ಗೆರೆ ಉಳಿಯಿತು. ಆದರೆ ಇವತ್ತಿಗೂ ಓದಲಿಕ್ಕೆ ಬರುತ್ತದೆ. ಸ್ಮರಣ ಸಂಚಿಕೆ ಒಣಗಿ ಇಟ್ಟಂಗಿಯ ಹಾಗಾಯಿತು. ಹಾಳೆ ಬಿಡಿಸಲು ಹೋದರೆ ಒಂದು ಪುಟದ ಅಕ್ಷರ ಕಿತ್ತು ಎದುರು ಪುಟಕ್ಕೆ ಅಂಟಿಕೊಂಡು ಬರುತ್ತಿತ್ತು. ಆ ಶಾಲೆಯ ಮೊದಲ ಮಾಸ್ತರರ ಹೆಸರುಗಳು, ಹಳೆಯ ವಿದ್ಯಾರ್ಥಿಗಳ ನೆನಪುಗಳು ಅದರೊಳಗೇ ಉಳಿದವು. ಅದರ ಇನ್ನೊಂದು ಪ್ರತಿಗಾಗಿ ನಾನು ಗಡಹಿಂಗ್ಲಜದ ಹಳ್ಳಿಗಳಲ್ಲಿ ಎರಡು ವರ್ಷದಿಂದ ಕೇಳುತ್ತಿದ್ದೇನೆ. ಸಿಕ್ಕಿಲ್ಲ.

ಹೀಗೆ ಯಾಕಾಯಿತು ಅಂತ ತಿಳಿಯಬೇಕಾದರೆ ಆರ್ಟ್ ಪೇಪರ್ ಅಂದರೇನು ಅಂತ ನೋಡಬೇಕು. ಅದು ಬರೀ ಕಾಗದವಲ್ಲ. ಕಾಗದದ ಮೇಲೆ ಬಿಳಿ ಜೇಡಿಮಣ್ಣು ಅಥವಾ ಸುಣ್ಣದ ಪುಡಿಯನ್ನು ಅಂಟಿನ ಜೊತೆ ಕಲಸಿ ಲೇಪಿಸಿರುತ್ತಾರೆ. ಮಣ್ಣಿನ ಗೋಡೆಗೆ ಸಾರಿಸಿದ ಹಾಗೆ. ಆ ಲೇಪವನ್ನು ಉರುಳೆಗಳ ನಡುವೆ ಒತ್ತಿ ತಿಕ್ಕಿದರೆ ಗ್ಲಾಸ್, ಅಷ್ಟು ತಿಕ್ಕದೆ ಬಿಟ್ಟರೆ ಮ್ಯಾಟ್. ಎರಡರಲ್ಲೂ ಲೇಪ ಇದ್ದೇ ಇರುತ್ತದೆ. ಇದನ್ನು ಒತ್ತಿ ಹೇಳ್ತೀನಿ, ಯಾಕಂದ್ರೆ 'ಮ್ಯಾಟ್ ಅಂದರೆ ಸಾದಾ ಕಾಗದ' ಅನ್ನೋ ತಪ್ಪು ತಿಳುವಳಿಕೆ ನನಗೂ ಇತ್ತು. ನೆನೆದಾಗ ಆ ಅಂಟು ಮತ್ತೆ ಮೆತ್ತಗಾಗುತ್ತದೆ, ಒತ್ತಿಕೊಂಡ ಹಾಳೆಗಳು ಒಣಗುವಾಗ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒದ್ದೆ ಇರುವಾಗಲೇ ಒಂದೊಂದು ಹಾಳೆಯನ್ನೂ ಬಿಡಿಸಿ ನಡುವೆ ಬೇರೆ ಹಾಳೆ ಇಟ್ಟಿದ್ದರೆ ಉಳಿಯುತ್ತಿತ್ತು. ಬಿಸಿಲಿಗೆ ಇಟ್ಟದ್ದೇ ತಪ್ಪಾಯಿತು. ಲೇಪವಿಲ್ಲದ ಭಜನಾ ಪುಸ್ತಕಕ್ಕೆ ಈ ತೊಂದರೆ ಇರಲಿಲ್ಲ.

ಹಾಗಾದರೆ ಶಾಲೆಯವರು ಯಾಕೆ ಅಷ್ಟು ದುಡ್ಡು ಹಾಕಿ ಎಲ್ಲಾ ಪುಟಕ್ಕೂ ಆರ್ಟ್ ಪೇಪರ್ ಬಳಸಿದರು? ಇಲ್ಲಿ ಇತಿಹಾಸ ಬರುತ್ತದೆ.

ನಮ್ಮ ಭಾಷೆಯ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟಿದ್ದು ಕಲ್ಲಚ್ಚಿನಲ್ಲಿ, ಅಂದರೆ ಲಿಥೋದಲ್ಲಿ ಅನ್ನೋದು ನಮಗೆಲ್ಲ ಗೊತ್ತು. ಆ ಹೆಸರು ಇವತ್ತೂ ನಮ್ಮ ಪುಸ್ತಕಗಳಲ್ಲಿ ಕೂತಿದೆ. ಒಳಪುಟಕ್ಕೆ ಬಳಸುವ ಲೇಪವಿಲ್ಲದ ಕಾಗದಕ್ಕೆ ಪ್ರೆಸ್ಸಿನವರು 'ಮ್ಯಾಪ್‌ಲಿಥೋ' ಅನ್ನುತ್ತಾರೆ, ನಕಾಶೆ ಅಚ್ಚು ಮಾಡುವ ಲಿಥೋ ಕಾಗದ. ಮೊಳೆ ಅಕ್ಷರದ ಕಾಲ ಬಂದಾಗ ಪಠ್ಯಕ್ಕೆ ಒರಟು ಕಾಗದ ಸಾಕಾಗಿತ್ತು. ಮೊಳೆ ಕಾಗದದೊಳಗೆ ಇಳಿದು ಅಕ್ಷರ ಮೂಡಿಸುತ್ತಿತ್ತು. ತೊಂದರೆ ಬಂದದ್ದು ಫೋಟೋಕ್ಕೆ. 1880ರ ದಶಕದಲ್ಲಿ ಹಾಫ್‌ಟೋನ್ ಬ್ಲಾಕ್ ಬಂತು. ಫೋಟೋವನ್ನು ಸಣ್ಣ ದೊಡ್ಡ ಚುಕ್ಕೆಗಳಾಗಿ ಒಡೆದು ತಾಮ್ರದ ಅಥವಾ ಸತುವಿನ ತಗಡಿನಲ್ಲಿ ಕೊರೆಯುವ ವಿಧಾನ ಅದು. ಪತ್ರಿಕೆಯ ಒರಟು ಕಾಗದಕ್ಕೆ ಇಂಚಿಗೆ ಸುಮಾರು 60 ಸಾಲು ಚುಕ್ಕೆ ಮಾತ್ರ ತಡೆಯುತ್ತಿತ್ತು. 120, 133 ಸಾಲಿನ ನಯವಾದ ಬ್ಲಾಕನ್ನು ಅದರ ಮೇಲೆ ಒತ್ತಿದರೆ ಚುಕ್ಕೆಗಳ ನಡುವೆ ಮಸಿ ತುಂಬಿ ಮುಖವೆಲ್ಲ ಕಪ್ಪು. ಅದಕ್ಕೇ ಲೇಪದ ಕಾಗದ ಬೇಕಾಯಿತು.

ಹಳೆಯ ಅಭಿನಂದನ ಗ್ರಂಥಗಳನ್ನು ತೆರೆದು ನೋಡಿ. ಫೋಟೋಗಳೆಲ್ಲ ಒಂದೇ ಕಡೆ, ಹೊಳೆಯುವ ನಾಲ್ಕೋ ಎಂಟೋ ಪುಟಗಳಲ್ಲಿ, ಎಷ್ಟೋ ಸಲ ಪುಟಸಂಖ್ಯೆಯೂ ಇಲ್ಲದೆ ಇರುತ್ತವೆ. ಅದು ವಿನ್ಯಾಸದ ಆಯ್ಕೆಯಲ್ಲ. ಫೋಟೋದ ಹಾಳೆ ಬೇರೆಯಾಗಿ ಅಚ್ಚಾಗಿ ಆಮೇಲೆ ಪುಸ್ತಕಕ್ಕೆ ಸೇರುತ್ತಿತ್ತು. ಯಾರ ಫೋಟೋ ಆ ಹಾಳೆಗೆ ಹೋಗುತ್ತಿತ್ತು? ಸ್ವಾಮಿಗಳದ್ದು, ದಾನಿಗಳದ್ದು, ಸಂಸ್ಥಾಪಕರದ್ದು. ಹೀಗೆ ಹೊಳಪು ಅಂದರೆ ಮರ್ಯಾದೆ ಅಂತ ಓದುಗರ ಕಣ್ಣಿಗೆ ರೂಢಿಯಾಯಿತು ಅನ್ನೋದು ನನ್ನ ಊಹೆ. ಅದಕ್ಕೆ ಮನೆಯ ಗೋಡೆಯೂ ನೆರವಾಗಿರಬೇಕು. ರವಿವರ್ಮ ಪ್ರೆಸ್ಸು 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಆಮೇಲೆ ಲೋಣಾವಳದ ಹತ್ತಿರ ಮಳವಳಿಗೆ ಹೋಯಿತು. ಅಂಥ ಓಲಿಯೋಗ್ರಾಫ್ ಚಿತ್ರಗಳು ತೈಲಚಿತ್ರದ ಹಾಗೆ ಕಾಣಲಿ ಅಂತ ಮೇಲೆ ವಾರ್ನಿಷ್ ಬಳಿಯುತ್ತಿದ್ದರು. ದೇವರ ಪಟ ಹೊಳೆಯುತ್ತಿತ್ತು, ದೊಡ್ಡವರ ಫೋಟೋ ಹೊಳೆಯುತ್ತಿತ್ತು.

ಆಫ್‌ಸೆಟ್ ಬಂದ ಮೇಲೆ ಮೂಲ ಕಾರಣ ಬಹುಪಾಲು ಹೋಯಿತು. ಆಫ್‌ಸೆಟ್ಟಿನಲ್ಲಿ ಪ್ಲೇಟು ಕಾಗದವನ್ನು ಮುಟ್ಟುವುದೇ ಇಲ್ಲ, ರಬ್ಬರ್ ಹಾಸು ಮುಟ್ಟುತ್ತದೆ. ರಬ್ಬರು ಕಾಗದದ ತಗ್ಗುದಿಣ್ಣೆಗೆ ಒಗ್ಗುತ್ತದೆ. ಹಾಗಾಗಿ ಮ್ಯಾಪ್‌ಲಿಥೋ ಮೇಲೂ ಫೋಟೋ ಗುರುತು ಸಿಗುವಷ್ಟು ಚೆನ್ನಾಗಿ ಮೂಡುತ್ತದೆ, ಸ್ವಲ್ಪ ಮಂಕಾಗಿ ಅಷ್ಟೆ. ಕಾರಣ ಹೋದರೂ ಮರ್ಯಾದೆ ಉಳಿಯಿತು. ಮೊದಲು ನಾಲ್ಕು ಪುಟಕ್ಕಿದ್ದ ಹೊಳಪು ಎಲ್ಲಾ ಪುಟಕ್ಕೂ ಹರಡಿತು.

ಈಗ ತೂಕದ ಮಾತು. ಕನ್ನಡ ಪುಸ್ತಕಗಳ ಮೊದಲ ಪುಟದ ಹಿಂದೆ 'ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೋ, 18.6 ಕೆ.ಜಿ., ಡೆಮಿ 1/8' ಅನ್ನೋ ಥರದ ಸಾಲು ಇರುತ್ತದೆ. ನಾವು ಎಂ.ಎ. ವಿದ್ಯಾರ್ಥಿಗಳು ಅದನ್ನು ದಾಟಿ ಮುನ್ನುಡಿಗೆ ಹೋಗ್ತೀವಿ. ನನಗೆ ಆ ಸಾಲಿನ ಅರ್ಥ ಹೇಳಿಕೊಟ್ಟದ್ದು ಇಚಲಕರಂಜಿಯ ಮಗ್ಗದವರು, ಪ್ರೆಸ್ಸಿನವರಲ್ಲ. ಅಲ್ಲಿ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ. ಇವತ್ತು ಆ ಊರಲ್ಲಿ ಬಟ್ಟೆಯ ಮಾತು ಬಂದರೆ ಜಿಎಸ್‌ಎಂ ಮಾತೂ ಬರುತ್ತದೆ. ಬಟ್ಟೆಗೂ ಕಾಗದಕ್ಕೂ ಅದೇ ಲೆಕ್ಕ, ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ನಮ್ಮ ಮಾವನ ಹತ್ತಿರ ಬಟ್ಟೆ ಕತ್ತರಿಸುವ ದುಂಡನೆಯ ಕಟರ್ ಇದೆ. ಸರಿಯಾಗಿ 100 ಚದರ ಸೆಂಟಿಮೀಟರಿನ ಬಿಲ್ಲೆ ಕತ್ತರಿಸುತ್ತದೆ. ಆ ಬಿಲ್ಲೆಯನ್ನು ಸಣ್ಣ ತಕ್ಕಡಿಯಲ್ಲಿ ತೂಗಿ ನೂರರಿಂದ ಗುಣಿಸಿದರೆ ಜಿಎಸ್‌ಎಂ ಬರುತ್ತದೆ. ಒಂದು ಕಾಗದದ ಬಿಲ್ಲೆ 0.70 ಗ್ರಾಂ ತೂಗಿದರೆ ಅದು 70 ಜಿಎಸ್‌ಎಂ. ಇನ್ನು 18.6 ಕೆ.ಜಿ. ಅನ್ನೋದು 500 ಹಾಳೆಯ ಒಂದು ರೀಮಿನ ತೂಕ, ಹಾಳೆಯ ಅಳತೆ ಸುಮಾರು 23×36 ಇಂಚು. ಆ ದೊಡ್ಡ ಹಾಳೆಯನ್ನು ಮಡಚಿದರೆ ಡೆಮಿ 1/8ರ 16 ಹಾಳೆ, ಅಂದರೆ 32 ಪುಟ ಸಿಗುತ್ತವೆ. ಕಿರುಹೊತ್ತಿಗೆಗಳು 32 ಪುಟಕ್ಕೆ ಬಂದು ನಿಲ್ಲುವುದಕ್ಕೆ ಇದೇ ಒಂದು ಕಾರಣ. ಎಷ್ಟೋ ಲೇಖನಗಳು ಸಂಪಾದಕರ ಕೈಯಲ್ಲಿ ಕತ್ತರಿ ತಿಂದದ್ದು ಸಾಹಿತ್ಯದ ಕಾರಣಕ್ಕಲ್ಲ, 33ನೇ ಪುಟ ಬರಬಾರದು ಅಂತ ಅಂತ ಕಾಣುತ್ತದೆ.

ಆದರೆ ತೂಕ ಬೇರೆ, ದಪ್ಪ ಬೇರೆ. ಇಲ್ಲೇ ಎಲ್ಲರೂ ಮೋಸ ಹೋಗೋದು. 70 ಜಿಎಸ್‌ಎಂ ಮ್ಯಾಪ್‌ಲಿಥೋ ಸುಮಾರು 90 ಮೈಕ್ರಾನ್ ದಪ್ಪ ಇರುತ್ತದೆ. 130 ಜಿಎಸ್‌ಎಂ ಗ್ಲಾಸ್ ಆರ್ಟ್ ಹೆಚ್ಚುಕಡಿಮೆ ಎರಡರಷ್ಟು ತೂಗಿದರೂ ಸುಮಾರು 100 ಮೈಕ್ರಾನ್ ಅಷ್ಟೇ, ಯಾಕಂದರೆ ತಿಕ್ಕುವಾಗ ಅದು ಒತ್ತಿಕೊಂಡಿರುತ್ತದೆ. 130ರ ಮ್ಯಾಟ್ ಅದಕ್ಕಿಂತ ಸ್ವಲ್ಪ ದಪ್ಪ. ಬಿಗಿತ ದಪ್ಪದ ಜೊತೆ ಬಹಳ ಬೇಗ ಏರುವುದರಿಂದ ಒಂದೇ ತೂಕದ ಎರಡು ಕಾಗದ ಕೈಗೆ ಬೇರೆಬೇರೆ ಅನಿಸುತ್ತವೆ. ಅಂಗಡಿಯಲ್ಲಿ ಜಿಎಸ್‌ಎಂ ಮಾತ್ರ ಕೇಳಿ ಒಪ್ಪಿಕೊಂಡರೆ ಬಂದ ಮಾಲು ಜೋತುಬೀಳುವ ಸಾಧ್ಯತೆ ಇರುತ್ತದೆ.

ಕಳೆದ ವರ್ಷ ಗಡಿಭಾಗದ ಹಂತಿ ಪದಗಳ ಬಗ್ಗೆ ನಾವು ಐದು ಜನ ಸೇರಿ ಒಂದು ಕಿರುಹೊತ್ತಿಗೆ ತಂದೆವು. 300 ಪ್ರತಿ. ನನ್ನ ಮನಸ್ಸಿನಲ್ಲಿ ಎಲ್ಲಾ ಪುಟಕ್ಕೂ ಆರ್ಟ್ ಪೇಪರೇ ಇತ್ತು, ಟ್ರಂಕಿನ ಕಥೆ ಗೊತ್ತಿದ್ದೂ! ಹಾಡಿದ ಅಜ್ಜಂದಿರ ಫೋಟೋ ಚೆನ್ನಾಗಿ ಬರಲಿ ಅಂತ ಆಸೆ. ಗಡಹಿಂಗ್ಲಜದ ಒಂದು ಸಣ್ಣ ಪ್ರೆಸ್ಸಿಗೆ ಹೋದೆ. ಮಶೀನ್ ಮೇಲಿದ್ದ ಹಿರಿಯರು ಕನ್ನಡದವರೇ.

"ತಂಗೀ, ಇದನ್ನ ಓದ್ತಾರೋ ನೋಡ್ತಾರೋ?" ಅಂದರು.

"ಓದ್ತಾರ್ರಿ ಕಾಕಾ."

"ಹಂಗಾದ್ರ ಟ್ಯೂಬ್‌ಲೈಟ್ ಬುಡಕ ಹಿಡದ ನೋಡ ಇದನ್ನ" ಅಂತ ಒಂದು ಗ್ಲಾಸ್ ಹಾಳೆ ಕೊಟ್ಟರು. ಬೆಳಕಿನ ಪಟ್ಟಿ ಅಕ್ಷರದ ಮೇಲೆ ಕೂತುಬಿಟ್ಟಿತ್ತು. ಹಾಳೆ ಓರೆ ಮಾಡಿದರೆ ಪಟ್ಟಿ ಮುಂದಿನ ಸಾಲಿಗೆ ಸರಿಯುತ್ತಿತ್ತು. ಆಮೇಲೆ ಅದರ ಮೇಲೆ ಪೆನ್ಸಿಲಿನಿಂದ ಬರೆಯಲು ಹೇಳಿದರು. ಜಾರಿತು. "ಮಾಸ್ತರ ಮಂದಿ ಪುಸ್ತಕದಾಗ ಬರ್ಕೋತಾರಲ್ಲ" ಅಂದರು. ನನ್ನ ಮಾರ್ಗದರ್ಶಕರ ಪುಸ್ತಕಗಳ ಅಂಚು ನೆನಪಾಯಿತು. ನಾನು ಸುಮ್ಮನಾದೆ.

ಕೊನೆಗೆ ನಾವು ಮಾಡಿದ್ದು ಹಳೆಯ ಅಭಿನಂದನ ಗ್ರಂಥದ ಉಪಾಯವನ್ನೇ. ಪಠ್ಯದ 32 ಪುಟ 70 ಜಿಎಸ್‌ಎಂ ಮ್ಯಾಪ್‌ಲಿಥೋ. ಫೋಟೋಗಳಿಗೆ 130 ಜಿಎಸ್‌ಎಂ ಮ್ಯಾಟ್ ಆರ್ಟಿನ ಒಂದೇ ಹಾಳೆ, ಮಡಚಿ ನಟ್ಟನಡುವೆ ಇಟ್ಟು ಅದರ ಮೇಲೇ ಸೆಂಟರ್ ಪಿನ್ ಹೊಡೆಸಿದೆವು. ನಾಲ್ಕು ಪುಟ ಫೋಟೋ. ಹೊದಿಕೆ 250 ಜಿಎಸ್‌ಎಂ ಆರ್ಟ್ ಕಾರ್ಡ್. ಪಠ್ಯದ ಕಾಗದ ಪ್ರತಿಗೆ ಒಂದು ದೊಡ್ಡ ಹಾಳೆ, 300 ಹಾಳೆ, ಜೊತೆಗೆ ಮಶೀನ್ ಹೊಂದಿಸುವಾಗ ಕೆಡುವ ಹಾಳೆಗಳು. ಒಂದು ರೀಮು ಸಾಕಾಗಿ ಮಿಕ್ಕಿತು. ಪುಸ್ತಕದ ತೂಕ ಸುಮಾರು 57 ಗ್ರಾಂ ಆಯಿತು. ಎಲ್ಲಾ ಆರ್ಟ್ ಮಾಡಿದ್ದರೆ 86ರ ಹತ್ತಿರ ಹೋಗುತ್ತಿತ್ತು.

ಆದರೂ ಒಂದು ತಪ್ಪಾಯಿತು, ಅದು ನನ್ನ ಹಟದಿಂದ. ಹೊದಿಕೆಯ ಹೊರಮೈಗೆ ಗ್ಲಾಸ್ ಲ್ಯಾಮಿನೇಶನ್ ಬೇಕೇ ಬೇಕು ಅಂದೆ. ಲ್ಯಾಮಿನೇಶನ್ ಅಂದರೆ ಕಾಗದದ ಲೇಪವಲ್ಲ, ಮೇಲೆ ಅಂಟಿಸುವ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಜುಲೈ ತಿಂಗಳು, ಗಡಹಿಂಗ್ಲಜದಲ್ಲಿ ಜಿಟಿಜಿಟಿ ಮಳೆ. ಹೊರಮೈಗೆ ಪ್ಲಾಸ್ಟಿಕ್ ಇದೆ, ಅಲ್ಲಿ ತೇವ ಹೋಗಲ್ಲ. ಒಳಮೈ ತೆರೆದಿದೆ, ಅಲ್ಲಿ ತೇವ ಹೀರಿ ಕಾಗದ ಹಿಗ್ಗುತ್ತದೆ. ಒಂದು ಬದಿ ಹಿಗ್ಗಿ ಇನ್ನೊಂದು ಬದಿ ಹಿಗ್ಗದಿದ್ದರೆ ಹೊದಿಕೆ ಪ್ಲಾಸ್ಟಿಕ್ಕಿನ ಕಡೆಗೆ ಸುರುಳಿಯಾಗುತ್ತದೆ. ಬಿಡುಗಡೆಯ ದಿನ ಮೇಜಿನ ಮೇಲಿಟ್ಟ ಪುಸ್ತಕಗಳೆಲ್ಲ ಬಾಯಿ ತೆರೆದುಕೊಂಡು ಕೂತಿದ್ದವು. ಮೇಲೆ ಇಟ್ಟಂಗಿ ಹೇರಿದರೂ ತೆಗೆದ ಅರ್ಧ ಗಂಟೆಗೆ ಮತ್ತೆ ಅದೇ. ಬೇಸಿಗೆ ಬಂದಾಗ ತಾವಾಗಿ ಮಲಗಿದವು. ಹೊದಿಕೆಗೆ ಪ್ಲಾಸ್ಟಿಕ್ ಬದಲು ವಾರ್ನಿಷ್ ಹಾಕಿಸಿದ್ದರೆ ಇಷ್ಟು ಸುರುಳಿಯಾಗುತ್ತಿರಲಿಲ್ಲ. ಇನ್ನೊಂದು ವಿಷಯ: 200 ಜಿಎಸ್‌ಎಂ ದಾಟಿದ ಆರ್ಟ್ ಕಾರ್ಡನ್ನು ಕ್ರೀಸ್ ಹೊಡೆಸದೆ ಮಡಚಬಾರದು. ಲೇಪ ಬಿರಿದು ಬೆನ್ನಿನ ಮೇಲೆ ಬಿಳಿ ಗೆರೆ ಕಾಣುತ್ತದೆ, ಗಾಢ ಬಣ್ಣದ ಹೊದಿಕೆಯಲ್ಲಂತೂ ಎದ್ದು ಕಾಣುತ್ತದೆ.

ಇಷ್ಟು ಹೊತ್ತು ನಾನು ಹೊಳಪಿನ ವಿರುದ್ಧ ಮಾತಾಡಿದ ಹಾಗಾಯಿತು. ವಿಸಿಟಿಂಗ್ ಕಾರ್ಡಿನ ಹತ್ತಿರ ಬಂದರೆ ನನ್ನ ವಾದ ಅರ್ಧ ತಿರುಗುತ್ತದೆ. ಹೊತ್ತಿಗೆಯಲ್ಲಿ ಅಕ್ಷರ 11, 12 ಪಾಯಿಂಟು ಇರುತ್ತದೆ. ಕಾರ್ಡ್ ಇರೋದೇ ಮೂರೂವರೆ ಇಂಚು ಉದ್ದ, ಎರಡು ಇಂಚು ಅಗಲ. ಕೊಲ್ಹಾಪುರದ ವ್ಯಾಪಾರಿ ಅದರಲ್ಲಿ ಮರಾಠಿ, ಇಂಗ್ಲಿಷ್ ಜೊತೆಗೆ ನಿಪ್ಪಾಣಿ, ಸಂಕೇಶ್ವರದ ಗಿರಾಕಿಗಳಿಗಾಗಿ ಕನ್ನಡವನ್ನೂ ಹಾಕಿಸಿದರೆ ಕನ್ನಡಕ್ಕೆ ಉಳಿಯೋದು 6 ಪಾಯಿಂಟು. ಆ ಅಳತೆಯಲ್ಲಿ ನಮ್ಮ ಒತ್ತಕ್ಷರದ ಗತಿ ಏನು? ಲೇಪವಿಲ್ಲದ ಕಾಗದ ಮಸಿಯನ್ನು ಹೀರಿ ಅಂಚಿಗೆ ಹರಡುತ್ತದೆ. 'ದ' ಮತ್ತು 'ಧ', 'ಬ' ಮತ್ತು 'ಭ' ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಅದು ಮುಚ್ಚಿಹೋದರೆ ಹೆಸರೇ ಬದಲಾಗುತ್ತದೆ. 'ಷ್ಠ', 'ಕ್ಷ್ಮ' ಅಂಥವು ಬರೀ ಕಪ್ಪು ಚುಕ್ಕೆ. ಲೇಪದ ಕಾರ್ಡಿನಲ್ಲಿ ಮಸಿ ಮೇಲೇ ನಿಲ್ಲುವುದರಿಂದ ಸೀಳು ಉಳಿಯುತ್ತದೆ. ನಾಗರಿಗೂ ಈ ತೊಂದರೆ ಇದೆ, ಆದರೆ ನಮ್ಮ ಹಾಗೆ ಸಾಲಿನ ಕೆಳಗೆ ಇನ್ನೊಂದು ಅಕ್ಷರ ಅಷ್ಟು ಸಲ ಕೂರುವುದಿಲ್ಲ. ಹಾಗಾಗಿ ಕಾರ್ಡಿಗೆ 300 ಜಿಎಸ್‌ಎಂ ಆರ್ಟ್ ಕಾರ್ಡೇ ಸರಿ ಅನ್ನೋದು ನನ್ನ ಅಭಿಪ್ರಾಯ.

ಮೇಲಿನ ಮೈ? ಕಾರ್ಡು ಅಂಗಿಯ ಜೇಬಿನಲ್ಲಿ ಬೆವರು ಕುಡಿಯುತ್ತದೆ, ಹಾಗಾಗಿ ಮುಂಬದಿಗೆ ಲ್ಯಾಮಿನೇಶನ್ ಉಪಯೋಗವೇ. ಗ್ಲಾಸ್ ಹಾಕಿದರೆ ಬಣ್ಣ ಎದ್ದು ಬರುತ್ತದೆ, ಮ್ಯಾಟ್ ಹಾಕಿದರೆ ಅಕ್ಷರ ಕಣ್ಣಿಗೆ ಹಿತ. ಆದರೆ ಕಪ್ಪು, ಕಡುನೀಲಿಯ ಮೇಲೆ ಮ್ಯಾಟ್ ಹಾಕಿದರೆ ಬೆರಳಿನ ಎಣ್ಣೆಯ ಗುರುತೂ ತಿಕ್ಕಿದ ಗೆರೆಯೂ ಬೇಗ ಕಾಣುತ್ತವೆ. ಹಿಂಬದಿಯ ಪ್ರಶ್ನೆ ಬೇರೆ. ಇಚಲಕರಂಜಿಯಲ್ಲಿ ಬಟ್ಟೆ ವ್ಯಾಪಾರಿ ಕಾರ್ಡ್ ಕೊಡುವಾಗ ಅದನ್ನು ತಿರುಗಿಸಿ ಹಿಂದೆ ಮೀಟರಿನ ದರ ಬರೆದು ಕೊಡೋದನ್ನ ನಾನು ನೋಡಿದ್ದೀನಿ. ಎರಡೂ ಬದಿ ಲ್ಯಾಮಿನೇಟ್ ಆಗಿದ್ದರೆ ಬಾಲ್‌ಪೆನ್ ಜಾರುತ್ತದೆ, ಜೆಲ್ ಪೆನ್ನಿನ ಬರಹ ಬೆರಳಿಗೆ ಒರೆಸಿಕೊಂಡು ಬರುತ್ತದೆ. ಒಂದೇ ಬದಿ ಹಾಕಿದರೆ ನಮ್ಮ ಹೊದಿಕೆಯ ಹಾಗೆ ಬಾಗುತ್ತದೆ, ದಪ್ಪ ಕಾರ್ಡಾದ್ದರಿಂದ ಕಡಿಮೆ. ಬರೆಯುವ ಅಭ್ಯಾಸ ಇರುವವರು ಆ ಸಣ್ಣ ಬಾಗನ್ನು ಒಪ್ಪಿಕೊಳ್ಳಬೇಕು, ಇಲ್ಲವೇ ಲ್ಯಾಮಿನೇಶನ್ನೇ ಬಿಟ್ಟು ಅಕ್ಷರ ದೊಡ್ಡದು ಮಾಡಿ ದಪ್ಪನೆಯ ಲೇಪವಿಲ್ಲದ ಕಾರ್ಡಿಗೆ ಹೋಗಬೇಕು. ಲಗ್ನಪತ್ರಿಕೆಗೂ ಇದೇ ಮಾತು. ಮೂಲೆಗೆ ಹಚ್ಚಿದ ಅರಿಷಿಣ ಕುಂಕುಮ ಪ್ಲಾಸ್ಟಿಕ್ ಮೇಲೆ ನಿಲ್ಲುವುದಿಲ್ಲ, ಪಕ್ಕದ ಪತ್ರಿಕೆಗೆ ಮೆತ್ತಿಕೊಳ್ಳುತ್ತದೆ.

ಚರ್ಚೆಯಲ್ಲಿ ಒಬ್ಬ ಮೇಡಂ ಕೇಳಿದರು: ಕೈಯಲ್ಲಿ ಕಟರೂ ಇಲ್ಲ, ತಕ್ಕಡಿಯೂ ಇಲ್ಲ, ಹಳೆಯ ಸಂಚಿಕೆಯೊಂದು ಸಿಕ್ಕಿದರೆ ಅದು ಲೇಪದ ಕಾಗದವೋ ಅಲ್ಲವೋ ತಿಳಿಯೋದು ಹೇಗೆ? ಹೊಳೆದರೆ ಗೊತ್ತಾಗುತ್ತದೆ, ಮ್ಯಾಟ್ ಆದರೆ ಕಷ್ಟ. ಮೊದಲು ಓರೆ ಬೆಳಕಿನಲ್ಲಿ ನೋಡಬೇಕು. ಸಾದಾ ಕಾಗದದಲ್ಲಿ ನಾರಿನ ಒರಟು ಕಾಣುತ್ತದೆ, ಲೇಪದ್ದರಲ್ಲಿ ಸಾರಿಸಿದ ನೆಲದ ಹಾಗೆ ಸಮ ಇರುತ್ತದೆ. ಆಮೇಲೆ ಖಾಲಿ ಅಂಚಿಗೆ ಪೆನ್ಸಿಲ್ ಸೋಕಿಸಿ ಹಿಡಿತ ನೋಡಬಹುದು. ಬೆಳ್ಳಿಯ ನಾಣ್ಯ ಗೀಚುವ ಒಂದು ಪರೀಕ್ಷೆಯೂ ಇದೆ, ಲೇಪ ಇದ್ದರೆ ಬೂದು ಗೆರೆ ಬೀಳುತ್ತದೆ ಅಂತಾರೆ. ಆದರೆ ದಯವಿಟ್ಟು ಬೇರೆಯವರ ಪುಸ್ತಕದ ಮೇಲೆ ಮಾಡಬೇಡಿ.

ಇನ್ನೊಬ್ಬರು ಅಂಟಿಕೊಂಡ ಆ ಸಂಚಿಕೆ ಈಗ ಎಲ್ಲಿದೆ ಅಂತ ಕೇಳಿದರು. ನನ್ನ ಹತ್ತಿರವೇ ಇದೆ, ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಮೊದಲ ಮೂರು ಹಾಳೆ ಮತ್ತು ಕೊನೆಯ ಎರಡು ಬಿಡಿಸಿಕೊಂಡಿವೆ. ಅದರಲ್ಲಿ ಹನ್ನೊಂದು ಹೆಸರು ಓದಲು ಬಂದವು. ಗಡಹಿಂಗ್ಲಜ ತಾಲೂಕಿನಲ್ಲಿ, ಇಲ್ಲಾ ಆಚೆ ಹುಕ್ಕೇರಿಯ ಕಡೆ, ಯಾರ ಮನೆಯಲ್ಲಾದರೂ ಕನ್ನಡ ಶಾಲೆಯ ಸ್ಮರಣ ಸಂಚಿಕೆ ಇದ್ದರೆ, ಯಾವ ಶಾಲೆಯದ್ದಾದರೂ ಸರಿ, ನಮ್ಮ ವಿಭಾಗಕ್ಕೆ ತಿಳಿಸಿ. ನಾನೇ ಬಂದು ಫೋಟೋ ತೆಗೆದುಕೊಂಡು ಹೋಗ್ತೀನಿ.